ಸರೋಜಮ್ಮ ಯಾರು?

ಕಳೆದ ವರ್ಷ, ಅಂದರೆ 2025ರ ಮೇ ತಿಂಗಳ ಒಂದು ಮಧ್ಯಾಹ್ನ ಅಪ್ಪ ಫೋನ್ ಮಾಡಿದಾಗ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಎರಡು ಸಲ ಕಟ್ ಮಾಡಿದೆ. ಮೂರನೇ ಸಲವೂ ಬಂತು. ಅಪ್ಪ ಮೂರು ಸಲ ಫೋನ್ ಮಾಡೋ ಮನುಷ್ಯನೇ ಅಲ್ಲ. ಎದ್ದು ಹೊರಗೆ ಹೋದೆ.

"ಮಗಾ, ಬೋರ್ ನಿಂತೋಯ್ತು ಕಣೋ. ನಾಲ್ಕು ದಿನ ಆಯ್ತು, ಬರೀ ಗಾಳಿ ಬರ್ತೈತೆ. ಸುಳಿ ಬಾಡ್ತಾವೆ."

ನಮ್ಮದು ತಿಪಟೂರು ಕಡೆ. ಇರೋದೇ ಒಂದೂವರೆ ಎಕರೆ ತೆಂಗು. ತೆಂಗಿನ ಮರದ ಸುಳಿ ಬಾಡೋದು ಅಂದ್ರೆ ಏನು ಅಂತ ಆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ ಆಗಲೇ ಪಾಯಿಂಟ್ ಮಾಡಿಸಿ, ಏಜೆಂಟನ ಹತ್ರ ಮಾತಾಡಿ ಮುಗಿಸಿದ್ದರು. ಪಕ್ಕದೂರಿನಲ್ಲಿ ಲಾರಿ ಕೊರೀತಾ ಇದೆ, ಅದು ಮುಗಿದ ಕೂಡಲೇ ರಾತ್ರಿ ನಮ್ಮ ತೋಟಕ್ಕೆ ಬರುತ್ತೆ, ಆದರೆ ಅಷ್ಟರೊಳಗೆ 1,40,000 ರೂಪಾಯಿ ಅವನ ಅಕೌಂಟಿಗೆ ಬಿದ್ದಿರಬೇಕು. ಬೀಳದಿದ್ದರೆ ಲಾರಿ ಮುಂದಿನ ಊರಿಗೆ ಹೋಗುತ್ತೆ, ಮತ್ತೆ ಬರೋದು ಹದಿನೈದು ದಿನಕ್ಕೋ ಇಪ್ಪತ್ತು ದಿನಕ್ಕೋ.

ಏಜೆಂಟ್ ರಂಗನಾಥ ತನ್ನ ಅಕೌಂಟ್ ನಂಬರನ್ನು ಫೋನಿನಲ್ಲಿ ಹೇಳಿದ್ದ. ಅಪ್ಪ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ಬರೆದುಕೊಂಡು, ಪಕ್ಕದ ಮನೆ ಹುಡುಗನ ಕೈಲಿ ಫೋಟೊ ತೆಗೆಸಿ ವಾಟ್ಸಾಪ್ ಮಾಡಿಸಿದರು. ಅಂಕಿಯೆಲ್ಲ ಕನ್ನಡದಲ್ಲೇ. ಅಪ್ಪ ಹಾಲಿನ ಲೆಕ್ಕ, ಕೊಬ್ಬರಿ ಲೆಕ್ಕ, ಚೀಟಿ ಲೆಕ್ಕ ಎಲ್ಲವನ್ನೂ ಕನ್ನಡ ಅಂಕಿಯಲ್ಲೇ ಬರೆಯೋದು. ನನಗೋ ಕನ್ನಡ ಅಂಕಿ ಓದೋ ಅಭ್ಯಾಸ ಉಳಿದಿರೋದು ಸರ್ಕಾರಿ ಬಸ್ಸಿನ ನಂಬರ್ ಪ್ಲೇಟಿನಿಂದ ಅಷ್ಟೇ.

ಒಂದು ಲಕ್ಷದ ಮೇಲಿನ ಮೊತ್ತ, ಯುಪಿಐನಲ್ಲಿ ಒಂದೇ ಸಲಕ್ಕೆ ಹೋಗೋದಿಲ್ಲ. ಲ್ಯಾಪ್‌ಟಾಪಿನಲ್ಲಿ ನೆಟ್ ಬ್ಯಾಂಕಿಂಗ್ ತೆಗೆದು, ನೆಫ್ಟ್ ಮಾಡೋಣ ಅಂತ ಹೊಸ ಫಲಾನುಭವಿಯ ಹೆಸರು ಸೇರಿಸೋಕೆ ಕೂತೆ. ಅಕೌಂಟ್ ನಂಬರ್ ಒಂದು ಸಲ ಹೊಡೆದೆ, ಇನ್ನೊಂದು ಸಲ ಹೊಡೆದೆ, ಐಎಫ್‌ಎಸ್‌ಸಿ ಹಾಕಿದೆ. ಹೆಸರಿನ ಜಾಗದ ಪಕ್ಕದಲ್ಲಿ ಹೆಸರು ಪರೀಕ್ಷಿಸುವ ಗುಂಡಿಯಿತ್ತು. ಒತ್ತಿದೆ. ಎರಡು ಸೆಕೆಂಡು ಸುತ್ತಿ ಪರದೆ ಮೇಲೆ ಬಂದ ಹೆಸರು:

`SAROJAMMA R`

ಅಪ್ಪನಿಗೆ ಫೋನ್ ಮಾಡಿದೆ. "ಸರೋಜಮ್ಮ ಅಂತ ಬರ್ತಿದೆ ಅಪ್ಪ."

"ಅವನ ಹೆಂಡ್ರು ಇರಬೇಕು ಕಣೋ. ಇವರೆಲ್ಲ ಹೆಂಡ್ರ ಹೆಸರಲ್ಲೇ ಇಟ್ಟಿರ್ತಾರೆ. R ಅಂದ್ರೆ ರಂಗನಾಥ ಅಲ್ವಾ? ಹಾಕು ಹಾಕು."

ಕೇಳೋಕೆ ಎಷ್ಟು ಸರಿಯಾಗಿದೆ ನೋಡಿ. R ಅಂದ್ರೆ ರಂಗನಾಥ. ನನ್ನ ಬೆರಳು ಆಗಲೇ ಮುಂದಿನ ಗುಂಡಿಯ ಮೇಲಿತ್ತು. ಅದನ್ನು ಅಲ್ಲೇ ನಿಲ್ಲಿಸಿದ್ದು ಬುದ್ಧಿವಂತಿಕೆ ಏನಲ್ಲ, ಹಳೇ ಏಟು.

2017ರಲ್ಲಿ ತಂಗಿಯ ನರ್ಸಿಂಗ್ ಹಾಸ್ಟೆಲ್ಲಿಗೆ ಅಂತ 25,000 ರೂಪಾಯಿ ನೆಫ್ಟ್ ಮಾಡಿದ್ದೆ. ಹಾಸ್ಟೆಲಿನ ಹೆಸರನ್ನು ಒಂದಕ್ಷರ ತಪ್ಪದೆ ಬರೆದಿದ್ದೆ. ಅಕೌಂಟ್ ನಂಬರಿನಲ್ಲಿ ಎರಡು ಅಂಕಿ ಅದಲು ಬದಲಾಗಿತ್ತು. ದುಡ್ಡು ಯಾರೋ ಪುಣ್ಯಾತ್ಮನ ಅಕೌಂಟಿಗೆ ನೀಟಾಗಿ ಹೋಗಿ ಕೂತಿತು. ಬ್ಯಾಂಕಿಗೆ ಹೋಗಿ, "ಸಾರ್, ಹೆಸರು ನೋಡಿ, ಎಷ್ಟು ಸ್ಪಷ್ಟವಾಗಿ ಹಾಸ್ಟೆಲ್ ಅಂತ ಬರೆದಿದ್ದೀನಿ, ಅದಕ್ಕೂ ಆ ಅಕೌಂಟಿನ ಹೆಸರಿಗೂ ಸಂಬಂಧವೇ ಇಲ್ಲ, ಹೆಂಗೆ ಹೋಯ್ತು?" ಅಂತ ಕೇಳಿದೆ. ಕೌಂಟರಿನಲ್ಲಿದ್ದವರು ತಲೆ ಎತ್ತದೆ ಹೇಳಿದರು: "ಹೆಸರು ನೋಡಲ್ಲ. ನಂಬರ್ ಮಾತ್ರ."

ನಾನು ಅವತ್ತು ಅವರ ಮೇಲೆ ರೇಗಾಡಿದ್ದೆ. ಆದರೆ ಅವರು ಹೇಳಿದ್ದು ನಿಜ. ರಿಸರ್ವ್ ಬ್ಯಾಂಕ್ 2010ರಲ್ಲೇ ಸುತ್ತೋಲೆ ಹೊರಡಿಸಿ, ನೆಫ್ಟ್, ಆರ್‌ಟಿಜಿಎಸ್‌ಗಳಲ್ಲಿ ಹಣ ಜಮಾ ಮಾಡುವಾಗ ಅಕೌಂಟ್ ನಂಬರ್ ಒಂದನ್ನೇ ಆಧಾರವಾಗಿ ಇಟ್ಟುಕೊಳ್ಳಬಹುದು, ನಂಬರ್ ಸರಿಯಾಗಿ ಕೊಡೋದು ಕಳಿಸುವವನ ಜವಾಬ್ದಾರಿ ಅಂತ ಹೇಳಿತ್ತು. ಯಾಕೆ ಅಂದರೆ ಹೆಸರು ಹೊಂದಿಸೋದು ಕಂಪ್ಯೂಟರಿನ ಕೈಲಾಗುವ ಕೆಲಸವಲ್ಲ, ಅದರ ಕಥೆ ಆಮೇಲೆ ಹೇಳ್ತೀನಿ. ಅಂದರೆ ನಾವು ಅಷ್ಟು ಶ್ರದ್ಧೆಯಿಂದ ತುಂಬುತ್ತಿದ್ದ ಹೆಸರಿನ ಜಾಗ ಲಕೋಟೆ ಮೇಲೆ ಬರೆದ "ಕ್ಷೇಮ" ಎಂಬ ಪದದ ಹಾಗೆ. ಅಂಚೆಯವನು ಅದನ್ನು ಓದಿ ದಾರಿ ಹುಡುಕುವುದಿಲ್ಲ. ಆ 25,000 ವಾಪಸ್ ಬರೋಕೆ ಮೂರು ತಿಂಗಳು ಬೇಕಾಯ್ತು. ನನ್ನ ಬ್ಯಾಂಕು ಆ ಬ್ಯಾಂಕಿಗೆ ಬರೆದು, ಆ ಬ್ಯಾಂಕು ಆ ಮನುಷ್ಯನನ್ನು ಹುಡುಕಿ, ಅವನು ಒಪ್ಪಿಗೆ ಕೊಟ್ಟ ಮೇಲೆ ಬಂತು. ಒಪ್ಪದೇ ಇದ್ದಿದ್ದರೆ ಪೊಲೀಸು, ಕೋರ್ಟು ಅಂತ ಅಲೆಯಬೇಕಿತ್ತು. ತಂಗಿಯ ಹಾಸ್ಟೆಲ್ ದುಡ್ಡನ್ನು ಅವತ್ತು ಅಮ್ಮ ಓಲೆ ಅಡ ಇಟ್ಟು ಕಟ್ಟಿದ್ದಳು.

ಈಗ ಪರಿಸ್ಥಿತಿ ಸ್ವಲ್ಪ ಬದಲಾಗಿದೆ. 2024ರ ಡಿಸೆಂಬರ್ 30ರಂದು ರಿಸರ್ವ್ ಬ್ಯಾಂಕು, ನೆಫ್ಟ್ ಮತ್ತು ಆರ್‌ಟಿಜಿಎಸ್ ಸೌಲಭ್ಯ ಕೊಡುವ ಬ್ಯಾಂಕುಗಳೆಲ್ಲ 2025ರ ಏಪ್ರಿಲ್ 1ರೊಳಗೆ ಹಣ ಕಳಿಸುವ ಮೊದಲೇ ಎದುರಿನವರ ಹೆಸರು ತೋರಿಸುವ ವ್ಯವಸ್ಥೆ ಮಾಡಬೇಕು, ಅದಕ್ಕೆ ದುಡ್ಡು ಕೇಳಬಾರದು ಅಂತ ಆದೇಶ ಹೊರಡಿಸಿತು. ಬ್ರಾಂಚಿಗೆ ಹೋಗಿ ಚಲನ್ ತುಂಬಿ ಕಳಿಸುವವರಿಗೂ ಇದು ಸಿಗಬೇಕು. ವ್ಯವಸ್ಥೆ ಕಟ್ಟಿಕೊಟ್ಟಿದ್ದು ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯೇ. ಯುಪಿಐ, ಐಎಂಪಿಎಸ್‌ನಲ್ಲಿ ಈ ಹೆಸರು ತೋರಿಸುವ ಅನುಕೂಲ ಮೊದಲೇ ಇತ್ತು. ಬರದೇ ಉಳಿದಿದ್ದು ದೊಡ್ಡ ಮೊತ್ತ ಓಡಾಡುವ ಈ ಎರಡಕ್ಕೇ.

ಆ ಗುಂಡಿ ಒತ್ತಿದಾಗ ಏನಾಗುತ್ತೆ ಅನ್ನೋದು ನೇರವಾಗಿದೆ. ನಾನು ಹೊಡೆದ ಅಕೌಂಟ್ ನಂಬರ್ ಮತ್ತು ಐಎಫ್‌ಎಸ್‌ಸಿ ನನ್ನ ಬ್ಯಾಂಕಿನಿಂದ ಹೊರಟು ಎನ್‌ಪಿಸಿಐ ಮೂಲಕ ಆ ಕಡೆಯ ಬ್ಯಾಂಕಿಗೆ ಹೋಗುತ್ತೆ. ಆ ಬ್ಯಾಂಕು ತನ್ನ ಮುಖ್ಯ ಕಂಪ್ಯೂಟರಿನಲ್ಲಿ, ಅಂದರೆ ಕೋರ್ ಬ್ಯಾಂಕಿಂಗ್ ದಾಖಲೆಯಲ್ಲಿ, ಈ ನಂಬರಿನ ಎದುರು ಏನು ಹೆಸರು ಬರೆದಿದೆ ಅಂತ ನೋಡಿ, ಇದ್ದದ್ದನ್ನು ಇದ್ದ ಹಾಗೆ ವಾಪಸ್ ಕಳಿಸುತ್ತೆ. ಅಷ್ಟೇ. ನಾನು ಮನಸ್ಸಿನಲ್ಲಿ ಯಾರಿಗೆ ಕಳಿಸಬೇಕು ಅಂತಿದ್ದೀನೋ ಅದು ಆ ಬ್ಯಾಂಕಿಗೆ ಗೊತ್ತಿಲ್ಲ. ಅದು "ಸರಿ" ಅಂತಲೂ ಹೇಳಲ್ಲ, "ತಪ್ಪು" ಅಂತಲೂ ಹೇಳಲ್ಲ. "ಈ ನಂಬರಿನ ಮನೆಯ ಬಾಗಿಲ ಮೇಲೆ ಇರುವ ಹೆಸರು ಇದು" ಅಂತ ಓದಿ ಹೇಳುತ್ತೆ. ಹೊಂದಿಸಿ ನೋಡೋ ಕೆಲಸ ನಮ್ಮದು. ಎಷ್ಟೋ ಸಲ ಯಾವುದೋ ಕಾರಣಕ್ಕೆ ಹೆಸರೇ ಬರೋದಿಲ್ಲ. ಆಗಲೂ ಕಳಿಸಬಹುದು, ಅದು ಕಳಿಸುವವನ ವಿವೇಚನೆಗೆ ಬಿಟ್ಟಿದ್ದು ಅಂತ ನಿಯಮವೇ ಹೇಳುತ್ತೆ.

ಹಾಗಾದರೆ ಹೊಂದಿಸೋ ಕೆಲಸವನ್ನೂ ಯಂತ್ರಕ್ಕೇ ಕೊಟ್ಟರೆ ಆಗಲ್ವಾ? ಇದನ್ನು ನಾನೇ ಮಾಡಿ ಕೈಸುಟ್ಟುಕೊಂಡಿದ್ದೇನೆ. ಹಿಂದಿನ ಕಂಪನಿಯಲ್ಲಿ ಸಾವಿರಾರು ಡೆಲಿವರಿ ಹುಡುಗರ ಅಕೌಂಟಿಗೆ ವಾರಕ್ಕೊಮ್ಮೆ ದುಡ್ಡು ಹಾಕುವ ತಂತ್ರಾಂಶ ನಮ್ಮ ತಂಡದ್ದು. ಪ್ರತಿ ಹೊಸ ಅಕೌಂಟಿಗೂ ಐಎಂಪಿಎಸ್ ಮೂಲಕ ಒಂದು ರೂಪಾಯಿ ಹಾಕಿ, ಜೊತೆಗೆ ವಾಪಸ್ ಬರುವ ಹೆಸರನ್ನು ಹುಡುಗ ಕೊಟ್ಟ ಹೆಸರಿನ ಜೊತೆ ಹೋಲಿಸುತ್ತಿದ್ದೆವು. ಮೊದಲ ದಿನ ನಾನು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು:

```
from difflib import SequenceMatcher as S
S(None, "RANGANATHA T S", "T S RANGANATH").ratio()  # 0.67
S(None, "SAROJAMMA R", "SAROJA M R").ratio()        # 0.86
```

ಒಂದು ಅಂದರೆ ಪೂರ್ತಿ ಹೋಲುತ್ತೆ, ಸೊನ್ನೆ ಅಂದರೆ ಹೋಲೋದೇ ಇಲ್ಲ. ಮೊದಲ ಸಾಲಿನಲ್ಲಿರೋದು ಒಬ್ಬನೇ ಮನುಷ್ಯ, ಇನಿಷಿಯಲ್ ಹಿಂದೆ ಮುಂದೆ ಆಗಿದೆ, ಕೊನೆಯ ಒಂದು `A` ಬಿಟ್ಟುಹೋಗಿದೆ. ಎರಡನೆಯದರಲ್ಲಿರೋದು ಇಬ್ಬರು ಬೇರೆ ಬೇರೆ ಹೆಂಗಸರು ಆಗಿರಬಹುದು. ಯಂತ್ರದ ಪ್ರಕಾರ ಆ ಇಬ್ಬರೇ ಹೆಚ್ಚು ಹತ್ತಿರ! ಪದಗಳನ್ನು ಬಿಡಿಸಿ ಜೋಡಿಸಿ ಹೋಲಿಸಿದರೆ ಮೊದಲ ಸಾಲು ಸರಿಹೋಗುತ್ತೆ. ಆದರೆ ನಮ್ಮಮ್ಮನಂಥವರನ್ನು ಏನು ಮಾಡ್ತೀರಿ? ಅವಳು ತವರಿನಲ್ಲಿ ಲಕ್ಷ್ಮಿದೇವಿ, ಮದುವೆಯಾದ ಮೇಲೆ ಲಕ್ಷ್ಮಮ್ಮ, ಊರಿಗೆಲ್ಲ ಪುಟ್ಟಮ್ಮ. ಬ್ಯಾಂಕಿನಲ್ಲಿ ಒಂದಿದೆ, ಆಧಾರ್‌ನಲ್ಲಿ ಇನ್ನೊಂದಿದೆ. ಇಬ್ಬರ ಹೆಸರಿನ ಜಂಟಿ ಖಾತೆಯಾದರೆ ಯಾರ ಹೆಸರು ಮೊದಲು ಬರೆಸಿದ್ದಾರೋ ಅದೇ ಮೊದಲು ಕಾಣುತ್ತೆ. ಅಂಗಡಿಯವನು ಅಂಗಡಿ ಹೆಸರಿನಲ್ಲಿ ಖಾತೆ ಮಾಡಿದ್ದರೆ ಅವನ ಸ್ವಂತ ಹೆಸರು ಬರೋದೇ ಇಲ್ಲ. ಹಾಗಾಗಿ ಬೇರೆ ಹೆಸರು ಬಂತು ಅಂದ ಮಾತ್ರಕ್ಕೆ ಮೋಸ ಅಂತಲ್ಲ. ಅಪ್ಪ ಹೇಳಿದ "ಹೆಂಡ್ರ ಹೆಸರಿರಬೇಕು" ಅನ್ನೋದು ನಮ್ಮ ಕಡೆ ಹತ್ತರಲ್ಲಿ ನಾಲ್ಕು ಸಲ ನಿಜವೇ ಆಗಿರುತ್ತೆ. ತೊಂದರೆ ಇರೋದು ಉಳಿದ ಆರರಲ್ಲಿ.

ಸರೋಜಮ್ಮನ ಕಥೆಗೆ ವಾಪಸ್ ಬರ್ತೀನಿ.

"ಒಂದ್ಸಲ ಅವನನ್ನೇ ಕೇಳಪ್ಪ," ಅಂದೆ. ಅಪ್ಪ ಹತ್ತು ನಿಮಿಷ ಬಿಟ್ಟು ಫೋನ್ ಮಾಡಿದರು. "ಕೇಳ್ದೆ ಕಣೋ. ಸರೋಜಮ್ಮ ಅಂತ ಬರ್ತೈತಂತೆ, ನಿಮ್ಮನೇರ್ದಾ ಅಂದೆ. ಹೂಂ ಹೂಂ ಅಂದ. ಹಾಕ್ಬಿಡು ಇನ್ನ."

ಈ ಹೊತ್ತಿಗೆ ಎಲ್ಲ ಸರಿಹೋದ ಹಾಗೇ ಇತ್ತು. ಆದರೂ ನಂಬರ್ ಇಸ್ಕೊಂಡು ನಾನೇ ರಂಗನಾಥನಿಗೆ ಹಚ್ಚಿದೆ. ಎತ್ತಿದ ಕೂಡಲೇ ಕಿವಿ ತೂತಾಗೋ ಹಾಗೆ ಲಾರಿ ಸದ್ದು. ಅವನು ಕೊರೆಯೋ ಜಾಗದಲ್ಲೇ ನಿಂತಿದ್ದ. ಅಪ್ಪ ಕೇಳಿದ್ದು ಅವನಿಗೆ ಕೇಳಿಸಿಯೇ ಇರಲಿಲ್ಲ, ಯಾವುದಕ್ಕೋ ಹೂಂ ಅಂದಿದ್ದ.

ನಾನು ಹೆಸರು ಹೇಳಲಿಲ್ಲ. "ಸ್ವಲ್ಪ ಆಚೆ ಬನ್ನಿ. ನಿಮ್ಮ ಪಾಸ್‌ಬುಕ್ ಮೇಲೆ ಯಾರ ಹೆಸರಿದೆ?" ಅಂದೆ.

"ನನ್ ಹೆಸ್ರೇ ಸಾರ್. ರಂಗನಾಥ ಟಿ.ಎಸ್."

"ಮನೆಯವರ ಹೆಸರಲ್ಲಿ ಇಲ್ವಾ?"

"ಅವ್ಳದು ಬೇರೆ ಬ್ಯಾಂಕು ಸಾರ್. ಯಾಕೆ?"

"ಕೊನೇ ನಾಲ್ಕು ನಂಬರ್ ಹೇಳಿ."

"ನಾಲ್ಕು, ಒಂದು, ಆರು, ಮೂರು."

ನಾನು ಹೊಡೆದಿದ್ದು 4193. ಕ್ಯಾಲೆಂಡರಿನ ಹಾಳೆಯ ಫೋಟೊ ದೊಡ್ಡದು ಮಾಡಿ ನೋಡಿದೆ. ಅಪ್ಪ ಬರೆದಿದ್ದು ೪೧೬೩. ಅವರ ತಪ್ಪೇನಿಲ್ಲ, ಸರಿಯಾಗೇ ಬರೆದಿದ್ದಾರೆ. ಕನ್ನಡದ ಆರು ಮತ್ತು ಒಂಬತ್ತಕ್ಕೆ ಇರೋದು ಒಂದು ಬಾಲದ ವ್ಯತ್ಯಾಸ. ೬ ಅನ್ನು ೯ ಅಂತ ಓದಿದ್ದು ಬಿ.ಇ. ಓದಿದ ನಾನು. 4163 ಹಾಕಿ ಮತ್ತೆ ಗುಂಡಿ ಒತ್ತಿದೆ.

`RANGANATHA T S`

ಸರೋಜಮ್ಮ ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. R ಅಂದರೆ ರಾಮಯ್ಯನೋ ರೇವಣ್ಣನೋ.

ಆಮೇಲೆ ಕೂತು ಯೋಚನೆ ಮಾಡಿದಾಗ ನನಗೆ ಎರಡು ವಿಷಯ ಹೊಳೆದವು.

ಮೊದಲನೆಯದು, ನಂಬರನ್ನು ಎರಡು ಸಲ ಹೊಡೆಸೋದರ ಮಿತಿ. ಅದು ಬೆರಳು ಜಾರಿದರೆ ಮಾತ್ರ ಹಿಡಿಯುತ್ತೆ. ಕಣ್ಣೇ ತಪ್ಪು ಓದಿದ್ದರೆ ಎರಡು ಸಲವೂ ಅದೇ ತಪ್ಪನ್ನೇ ಹೊಡೀತೀವಿ, ಎರಡೂ ಹೊಂದುತ್ತವೆ. ಹೆಸರು ತೋರಿಸುವ ಗುಂಡಿ ಹಿಡಿಯೋದು ಇಂಥ ತಪ್ಪನ್ನೇ. ನಿಜ ಹೇಳಬೇಕು ಅಂದರೆ ಅದನ್ನು ಬಿಟ್ಟು ಬೇರೆ ಹೆಚ್ಚಿನದನ್ನು ಅದು ಹಿಡಿಯೋದಿಲ್ಲ.

ಎರಡನೆಯದು, ತಪ್ಪು ಹೆಸರು ಯಾಕೆ ಅಷ್ಟು ನಂಬೋ ಹಾಗಿತ್ತು ಅನ್ನೋದು. ಕೆಲವು ಬ್ಯಾಂಕುಗಳ ಅಕೌಂಟ್ ನಂಬರಿನಲ್ಲಿ ಒಂದು ಅಂಕಿ ತಾಳೆ ನೋಡೋಕೆ ಅಂತಲೇ ಇರುತ್ತೆ, ಬೇರೆ ಯಾವುದೇ ಒಂದು ಅಂಕಿ ತಪ್ಪಿದರೂ ಅಂಥ ಅಕೌಂಟೇ ಇಲ್ಲ ಅಂತ ಬರುತ್ತೆ. ಹಾಗಿಲ್ಲದ ಕಡೆ ನಂಬರುಗಳು ಸಾಲಾಗಿ ಸಾಗಿರುತ್ತವೆ. 4163ಕ್ಕೂ 4193ಕ್ಕೂ ಮೂವತ್ತೇ ಖಾತೆಗಳ ದೂರ. ಅದೇ ಬ್ರಾಂಚಿನಲ್ಲಿ, ಬಹುಶಃ ಅದೇ ತಿಂಗಳು ತೆರೆದ ಖಾತೆ. ಅಂದರೆ ಅದು ನಮ್ಮ ಸೀಮೆಯವರದ್ದೇ ಆಗಿರುತ್ತೆ, ನಮ್ಮ ಸೀಮೆಯ ಹೆಸರೇ ಇರುತ್ತೆ. ಪಂಜಾಬಿನ ಹೆಸರೋ ಬಂಗಾಳದ ಹೆಸರೋ ಬಂದಿದ್ದರೆ ಅಪ್ಪನೂ ಬೆಚ್ಚುತ್ತಿದ್ದರು. ಸರೋಜಮ್ಮ ಅಂತ ಬಂದಿದ್ದಕ್ಕೇ ಅವಳಿಗೆ ಹೆಂಡತಿಯ ಪಟ್ಟ ಸಿಕ್ಕಿದ್ದು. ನಮಗೆ ಕತೆ ಕಟ್ಟೋಕೆ ಒಂದು ಇನಿಷಿಯಲ್ ಸಾಕು.

ಹಾಗಾಗಿ ಈಗ ಮನೆಯಲ್ಲಿ ಒಂದು ಪದ್ಧತಿ ಮಾಡಿದ್ದೇನೆ. ಬೇರೆ ಹೆಸರು ಬಂದರೆ ಆ ಹೆಸರನ್ನು ಎದುರಿನವರಿಗೆ ಹೇಳಬಾರದು. "ಸರೋಜಮ್ಮ ನಿಮ್ಮವರಾ?" ಅಂತ ಕೇಳಿದರೆ ಗಡಿಬಿಡಿಯಲ್ಲಿರುವವನು ಹೂಂ ಅಂತಾನೆ, ಕಳ್ಳನಂತೂ ಹೂಂ ಅಂತಲೇ ಅಂತಾನೆ. "ಖಾತೆ ಯಾರ ಹೆಸರಲ್ಲಿದೆ?" ಅಂತ ಕೇಳಿ ಸುಮ್ಮನಿರಬೇಕು. ಅವರಾಗಿ ಹೇಳಿದ ಹೆಸರು ಪರದೆ ಮೇಲಿರೋದಕ್ಕೆ ಹೊಂದಿದರೆ ಸರಿ. ಇಲ್ಲದಿದ್ದರೆ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊ ತರಿಸಿಕೊಂಡು ಒಂದೊಂದೇ ಅಂಕಿ ತಾಳೆ ನೋಡಬೇಕು. ಹೆಸರೇ ಬರದಿದ್ದರೆ ಮೊದಲು ಒಂದು ರೂಪಾಯಿ ಕಳಿಸಿ, ಬಂತಾ ಅಂತ ಅವರ ಬಾಯಿಂದ ಕೇಳಿ, ಆಮೇಲೆ ಉಳಿದದ್ದು. ನೆಫ್ಟ್ ಅರ್ಧ ಗಂಟೆಗೊಂದು ಕಂತಿನಲ್ಲಿ ಹೋಗೋದರಿಂದ ಸ್ವಲ್ಪ ಕಾಯಬೇಕು. ಕಾಯೋಕೆ ಪುರುಸೊತ್ತಿಲ್ಲ ಅಂತ ಯಾರಾದರೂ ಒತ್ತಾಯ ಮಾಡಿದರೆ ಆಗ ಇನ್ನೂ ನಿಧಾನಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಅಪ್ಪ ತಪ್ಪು ತಿಳಿದುಕೊಂಡಿದ್ದು ಒಂದಿತ್ತು. ಜುಲೈನಲ್ಲಿ ಅವರಿಗೆ ಯಾರೋ ಫೋನ್ ಮಾಡಿ, ಬೋರ್‌ವೆಲ್ ಸಬ್ಸಿಡಿ ಮಂಜೂರಾಗಿದೆ, ಫೈಲ್ ಖರ್ಚು 4,500 ರೂಪಾಯಿ ಕಳಿಸಿ ಅಂದನಂತೆ. ಅಪ್ಪ ಹುಷಾರಾಗಿ ಅವನ ಹೆಸರು ಕೇಳಿದ್ದಾರೆ. ಹೇಳಿದ್ದಾನೆ. ಪಕ್ಕದ ಮನೆ ಹುಡುಗನ ಮೊಬೈಲಿನಲ್ಲಿ ನೋಡಿಸಿದರೆ ಅದೇ ಹೆಸರು ಬಂದಿದೆ. "ಹೆಸ್ರು ಸರಿಯಾಗೈತೆ ಮಗಾ, ಹಾಕ್ಲಾ?" ಅಂತ ನನಗೆ ಫೋನ್.

ಹೆಸರು ಸರಿಯಾಗಿಯೇ ಇತ್ತು. ಅವನ ಖಾತೆ ಅವನ ಹೆಸರಿನಲ್ಲೇ ಇತ್ತು, ಅಥವಾ ಯಾರಿಗೋ ಎರಡು ಸಾವಿರ ಕೊಟ್ಟು ಬಾಡಿಗೆಗೆ ತಗೊಂಡ ಖಾತೆಯ ಹೆಸರನ್ನೇ ಅವನು ತನ್ನದು ಅಂತ ಹೇಳಿಕೊಂಡಿದ್ದ. ಅವನು ಇಲಾಖೆಯವನಾ, ಸಬ್ಸಿಡಿ ಅಂತ ನಿಜವಾಗಿ ಇದೆಯಾ, ಅದಕ್ಕೆ ಫೈಲ್ ಖರ್ಚು ಕೊಡಬೇಕಾ, ಇದ್ಯಾವುದೂ ಬಾಗಿಲ ಮೇಲಿನ ಹೆಸರಲ್ಲಿ ಬರೆದಿರಲ್ಲ. ಯುಪಿಐ ಆಪ್‌ಗಳು ದುಡ್ಡು ಕಳಿಸುವಾಗ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು, ನಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡ ಹೆಸರನ್ನೋ ಅವನು ತಾನೇ ಇಟ್ಟುಕೊಂಡ ಹೆಸರನ್ನೋ ಅಲ್ಲ ಅಂತ 2025ರ ಜೂನ್ 30ರ ಗಡುವು ಕೊಟ್ಟು ಎನ್‌ಪಿಸಿಐ ಹೇಳಿದೆ. ಒಳ್ಳೇದೇ. ಆದರೆ ನಿಜವಾದ ಹೆಸರು ಹೇಳಿಕೊಂಡೇ ಮೋಸ ಮಾಡುವವನನ್ನು ಅದೂ ತಡೆಯಲ್ಲ.

"ಹೆಸರು ಸರಿ ಇದ್ರೆ ಮನುಷ್ಯ ಸರಿ ಅಂತ ಅಲ್ಲಪ್ಪ," ಅಂದೆ. "ನಂಬರ್ ಸರಿ ಅಂತ ಅಷ್ಟೇ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಅದನ್ನ ಮೊದ್ಲೇ ಹೇಳೋಕೇನಾಗಿತ್ತು ನಿಂಗೆ?" ಅಂದರು. ಹೇಳಿರಲಿಲ್ಲ, ನಿಜ.

ಅವತ್ತು ರಾತ್ರಿ ಲಾರಿ ಬಂತು. ಬೆಳಗಿನ ಜಾವ ನಾಲ್ಕಕ್ಕೆ ಏಳುನೂರ ಎಂಬತ್ತು ಅಡಿಗೆ ಎರಡು ಇಂಚು ನೀರು ಬಿತ್ತು. ಅಪ್ಪ ಪಕ್ಕದ ಮನೆ ಹುಡುಗನ ಕೈಲಿ ವಿಡಿಯೊ ಮಾಡಿಸಿ ಕಳಿಸಿದರು. ಕತ್ತಲಲ್ಲಿ ಬಿಳೀ ನೀರು ಮೇಲೆ ಚಿಮ್ಮುತ್ತಿತ್ತು, ಅಮ್ಮ ಅರಿಶಿನ ಕುಂಕುಮ ಹಿಡಿದು ನಿಂತಿದ್ದಳು. ಆ ಕ್ಯಾಲೆಂಡರಿನ ಹಾಳೆ ಈಗಲೂ ನನ್ನ ಫೋನಿನಲ್ಲಿದೆ. ಅದರ ಪಕ್ಕದಲ್ಲೇ, ಆಮೇಲೆ ನನಗಾಗಿ ನಾನೇ ಬರೆದುಕೊಂಡ ಇನ್ನೊಂದು ಚೀಟಿಯ ಫೋಟೊ ಇದೆ: ಒಂದರಿಂದ ಒಂಬತ್ತರವರೆಗೆ, ಕನ್ನಡ ಅಂಕಿಗಳು.